ಬಿಟ್ಟುಹೋದವರು ಯಾರು? ಒಂದು ರೊಟ್ಟಿ ರೀಲ್, 685 ಫಾಲೋವರ್‌ಗಳು

ಭಾನುವಾರ ರಾತ್ರಿ ಒಂಬತ್ತೂವರೆಗೆ ಅಕ್ಕ ಫೋನ್ ಮಾಡಿದಳು. ದೊಡ್ಡಮ್ಮನ ಮಗಳು, ಮೈಸೂರಿನಲ್ಲಿದ್ದಾಳೆ. ಇನ್‌ಸ್ಟಾಗ್ರಾಮ್‌ನಲ್ಲಿ ಅಡುಗೆ ಪೇಜ್ ನಡೆಸುತ್ತಾಳೆ. ನಾನು ಬೆಂಗಳೂರಿನಲ್ಲಿ ಇಂಥ ಮೂರು ಪೇಜ್‌ಗಳ ಅಂಕಿಅಂಶ ನೋಡಿಕೊಳ್ಳುತ್ತೇನೆ. ಅದರಲ್ಲಿ ಅವಳದೂ ಒಂದು.

"ಎರಡು ದಿನದಲ್ಲಿ 685 ಜನ ಹೋದ್ರು ಕಣೇ. ಆ ರೀಲ್ ತೆಗೆದುಬಿಡ್ಲಾ? ಇಲ್ಲ ಏನಾದ್ರೂ ಹೇಳ್ಲಾ?"

ನಾನು ಎರಡನ್ನೂ ಮಾಡಬೇಡ, ಬೆಳಿಗ್ಗೆವರೆಗೆ ಏನನ್ನೂ ಮುಟ್ಟಬೇಡ ಅಂದೆ. ಆಮೇಲೆ ರೀಲ್ ಹಾಕಿ ನೋಡಿದೆ.

ಶುಕ್ರವಾರ ರಾತ್ರಿ ಎಂಟಕ್ಕೆ ಹಾಕಿದ 40 ಸೆಕೆಂಡಿನ ರೀಲ್. ಅಕ್ಕ ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಳೆ. ತಟ್ಟುತ್ತಾ ನಗುತ್ತಾ ಹೇಳುತ್ತಾಳೆ: "ಖಡಕ್ ರೊಟ್ಟಿ ಅಂದ್ರೆ ಏನು ಹೇಳಿ, ಬಡತನದಲ್ಲಿ ಬೇರೆ ದಾರಿ ಇಲ್ಲದೆ ಒಣಗಿಸಿಟ್ಟುಕೊಂಡ ರೊಟ್ಟಿ. ಈಗ್ಲೂ ಯಾಕೆ ಅದನ್ನ ಕಟಕಟ ಅಂತ ಕಡೀಬೇಕು? ಇದನ್ನ ನೋಡಿ, ಬೆಣ್ಣೆ ಥರ ಇದೆ." ಅಷ್ಟೇ ಮಾತು. ಆದರೆ ಉತ್ತರ ಕರ್ನಾಟಕದ ಮನೆಯಲ್ಲಿ ಕೂತು ಇದನ್ನು ಕೇಳಿದರೆ ಹೇಗನಿಸುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ಮಾತು ಸರಿಯೋ ತಪ್ಪೋ ಎಂಬುದಕ್ಕೆ ಆಮೇಲೆ ಬರುತ್ತೇನೆ. ಫಾಲೋವರ್ ಸಂಖ್ಯೆ ಬಿದ್ದಾಗ ನಾನು ಮೊದಲು ನೋಡುವುದು, ಇದು ನಿಜವಾಗಿ ಈ ಪೋಸ್ಟ್‌ನಿಂದಲೇ ಬಿದ್ದದ್ದಾ ಅಂತ. ಇನ್‌ಸ್ಟಾಗ್ರಾಮ್ ಆಗಾಗ ನಕಲಿ ಖಾತೆಗಳನ್ನು ಗುಡಿಸಿ ಹಾಕುತ್ತದೆ. 2014ರ ಡಿಸೆಂಬರ್‌ನಲ್ಲಿ ಹೀಗೆ ಗುಡಿಸಿದಾಗ ಹೆಸರುವಾಸಿ ಗಾಯಕರು, ನಟರು ಒಂದೇ ಸಲಕ್ಕೆ ಲಕ್ಷಗಟ್ಟಲೆ ಫಾಲೋವರ್‌ಗಳನ್ನು ಕಳೆದುಕೊಂಡಿದ್ದರು. ಅವರು ಯಾರೂ ತಪ್ಪು ಮಾತಾಡಿರಲಿಲ್ಲ. ಅಂಥ ಗುಡಿಸುವಿಕೆ ನಡೆದರೆ ಒಂದೇ ಪೇಜ್‌ಗೆ ತಟ್ಟುವುದಿಲ್ಲ, ಅಕ್ಕಪಕ್ಕದ ಪೇಜ್‌ಗಳಲ್ಲೂ ಅದೇ ಹೊತ್ತಿಗೆ ಸಂಖ್ಯೆ ಇಳಿಯುತ್ತದೆ. ನನ್ನ ಕೈಯಲ್ಲಿದ್ದ ಇನ್ನೆರಡು ಅಡುಗೆ ಪೇಜ್ ನೋಡಿದೆ. ಆ ಎರಡು ದಿನ ಅವು ಎಂದಿನಂತೆ ನಿಧಾನವಾಗಿ ಏರುತ್ತಿದ್ದವು. ಹಾಗಾಗಿ ಇದು ಪೋಸ್ಟ್‌ನದೇ ಪೆಟ್ಟು.

ಇಲ್ಲಿ ಅಕ್ಕ ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದಳು. ಯಾರು ಅನ್‌ಫಾಲೋ ಮಾಡಿದರು ಎಂದು ತೋರಿಸುವ ಆ್ಯಪ್ ಒಂದನ್ನು ಶನಿವಾರವೇ ಹಾಕಿಕೊಂಡು, ಅದಕ್ಕೆ ತನ್ನ ಪಾಸ್‌ವರ್ಡ್ ಕೊಟ್ಟಿದ್ದಳು. ಇನ್‌ಸ್ಟಾಗ್ರಾಮ್ ಆ ಹೆಸರುಗಳನ್ನು ತೋರಿಸುವುದಿಲ್ಲ, ಹಾಗಾಗಿ ಜನ ಇಂಥ ಆ್ಯಪ್ ಕಡೆ ಓಡುತ್ತಾರೆ. ಪಾಸ್‌ವರ್ಡ್ ಕೇಳುವ ಆ್ಯಪ್ ಕೈಗೆ ಖಾತೆ ಕೊಟ್ಟರೆ ಖಾತೆಯೇ ಹೋಗಬಹುದು. ಅದೇ ರಾತ್ರಿ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಿಸಿ, ಆ್ಯಪ್ ತೆಗೆಸಿದೆ. ಪೆಟ್ಟು ಬಿದ್ದ ಗಾಬರಿಯಲ್ಲಿ ಇಂಥದ್ದೇ ಜಾಸ್ತಿ ಆಗೋದು.

ಇನ್ನು 685 ಎಂಬ ಸಂಖ್ಯೆ. ಪ್ರೊಫೈಲ್ ಮೇಲೆ ಕಾಣುವುದು ಬಂದವರನ್ನೂ ಹೋದವರನ್ನೂ ಕೂಡಿಸಿ ಕಳೆದ ಉಳಿಕೆ ಮಾತ್ರ. ಪ್ರೊಫೆಷನಲ್ ಖಾತೆಯಾದರೆ Insights ಎಂಬ ಅಂಕಿಅಂಶದ ಪುಟದಲ್ಲಿ Follows, Unfollows ಬೇರೆ ಬೇರೆ ಸಿಗುತ್ತವೆ. ಆದರೆ ಆ ಲೆಕ್ಕ ತಕ್ಷಣ ಬರುವುದಿಲ್ಲ, ಒಂದು ದಿನ ಹಿಂದೆ ಉಳಿದಿರುತ್ತದೆ. ಭಾನುವಾರ ರಾತ್ರಿ ಶನಿವಾರದ್ದು ಸಿಕ್ಕಿತು: 95 ಜನ ಬಂದಿದ್ದರು, 380 ಜನ ಹೋಗಿದ್ದರು. ಭಾನುವಾರದ್ದು ಮರುದಿನ ಬೆಳಿಗ್ಗೆ ಬಂತು: 210 ಬಂದವರು, 610 ಹೋದವರು. ಅಂದರೆ ಎರಡು ದಿನಕ್ಕೆ ಹೋದವರು 685 ಅಲ್ಲ, 990. ಅವಳ ಪೇಜ್‌ನಲ್ಲಿ ಮಾಮೂಲಿಯಾಗಿ ದಿನಕ್ಕೆ 20 ಜನ ಹೋಗುತ್ತಾರೆ. ಅದನ್ನು ಕಳೆದರೆ 950.

ಶುಕ್ರವಾರ ಸಂಜೆ ಅವಳಿಗೆ 41,310 ಫಾಲೋವರ್ ಇದ್ದರು. ಅಷ್ಟರಲ್ಲಿ 950 ಅಂದರೆ ನೂರಕ್ಕೆ ಎರಡು ಚಿಲ್ಲರೆ. ಅಕ್ಕನ ಗಂಡ ಇದನ್ನೇ ಹಿಡಿದುಕೊಂಡು "ಎರಡು ಪರ್ಸೆಂಟ್‌ಗೆ ಯಾಕೆ ತಲೆ ಕೆಡಿಸ್ಕೋತೀರಾ, ಸುಮ್ನಿರಿ" ಅಂದರು. ಮೇಲ್ನೋಟಕ್ಕೆ ಹೌದು ಅನಿಸುತ್ತದೆ. ಆದರೆ ಅದು ತಪ್ಪು ಭಾಗಾಕಾರ. 41 ಸಾವಿರ ಜನರೂ ಆ ರೀಲ್ ನೋಡಿಲ್ಲ. ನೋಡದವರು ಬಿಟ್ಟುಹೋಗುವುದು ಹೇಗೆ? ನೋಡಿದವರಲ್ಲಿ ಎಷ್ಟು ಜನ ಹೋದರು ಎಂದು ಕೇಳಬೇಕು.

ಆ ರೀಲ್‌ನ Insights ಪ್ರಕಾರ ಭಾನುವಾರ ರಾತ್ರಿಗೆ ಅದು ತಲುಪಿದ್ದು ಸುಮಾರು 1,12,000 ಖಾತೆಗಳನ್ನು. ಅವಳ ಮಾಮೂಲಿ ರೀಲ್ ಆರೇಳು ಸಾವಿರ ದಾಟುವುದಿಲ್ಲ. ಈ ಒಂದು ಲಕ್ಷ ಚಿಲ್ಲರೆಯಲ್ಲಿ ಫಾಲೋವರ್‌ಗಳ ಪಾಲು ನೂರಕ್ಕೆ 9, ಅಂದರೆ ಅಂದಾಜು ಹತ್ತು ಸಾವಿರ. ಹತ್ತು ಸಾವಿರದಲ್ಲಿ 950. ನೋಡಿದ ಹತ್ತು ಜನರಲ್ಲಿ ಹತ್ತಿರ ಹತ್ತಿರ ಒಬ್ಬರು ಬಿಟ್ಟುಹೋಗಿದ್ದಾರೆ. ಬೇರೆ ಪೇಜ್‌ನಲ್ಲಿ ಅದರ ನಕಲು ನೋಡಿ ಬಂದು ಬಿಟ್ಟವರೂ ಇರಬಹುದು, ಹಾಗಾಗಿ ಲೆಕ್ಕ ಕರಾರುವಾಕ್ಕಲ್ಲ. ಆದರೂ ಇದು ಸಣ್ಣ ಗಾಯ ಅಲ್ಲ ಅಂತ ಹೇಳಲು ಇಷ್ಟು ಸಾಕು. ಅದೇ ಲೆಕ್ಕದ ಇನ್ನೊಂದು ಮಗ್ಗುಲೂ ಮುಖ್ಯ. ಉಳಿದ ಮೂವತ್ತು ಸಾವಿರ ಫಾಲೋವರ್‌ಗಳಿಗೆ ಏನು ನಡೆದಿದೆ ಎಂಬುದೇ ಗೊತ್ತಿಲ್ಲ. ಇದು ಮುಂದೆ ಬಹಳ ಕೆಲಸಕ್ಕೆ ಬಂತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಕಾಮೆಂಟ್ ಓದಲು ಕೂತೆ. 640 ಇದ್ದವು. ಅಕ್ಕ ಎರಡು ದಿನದಿಂದ ಓದಿದ್ದು ಇವನ್ನೇ. ತನ್ನ ಫಾಲೋವರ್‌ಗಳೆಲ್ಲ ತನ್ನನ್ನು ಬೈಯುತ್ತಿದ್ದಾರೆ ಅಂದುಕೊಂಡು ಅತ್ತಿದ್ದಳು. ಹಾಗಿರಲಿಲ್ಲ. ಕಾಮೆಂಟ್ ಹಾಕಿದವರಲ್ಲಿ 50 ಜನರ ಹೆಸರನ್ನು ಹಿಂದಿನ ಫಾಲೋವರ್ ಪಟ್ಟಿಯಲ್ಲಿ ಹುಡುಕಿದೆ. 9 ಜನ ಮಾತ್ರ ಅದರಲ್ಲಿದ್ದರು. ಬೈದವರು, ಉತ್ತರ ದಕ್ಷಿಣ ಅಂತ ತಮ್ಮ ತಮ್ಮಲ್ಲೇ ಜಗಳಕ್ಕೆ ನಿಂತವರು ಬಹುತೇಕ ಹೊರಗಿನವರು. ಭಾನುವಾರ ಮಧ್ಯಾಹ್ನ ದೊಡ್ಡ ಪೇಜ್ ಒಂದು ಈ ರೀಲನ್ನು ಎತ್ತಿ ಹಾಕಿದ ಮೇಲೆ ಬಂದವರು.

ಬಿಟ್ಟುಹೋದವರು ಕೂಗಾಡಿರಲಿಲ್ಲ. ಇದನ್ನು ನಾನು ಬೇರೆ ಪೇಜ್‌ಗಳಲ್ಲೂ ಕಂಡಿದ್ದೇನೆ. ಕೋಪ ಬಂದ ಅಪರಿಚಿತರು ಕಾಮೆಂಟ್ ಹಾಕುತ್ತಾರೆ. ಬೇಸರಗೊಂಡ ಪರಿಚಿತರು ಸುಮ್ಮನೆ ಎದ್ದು ಹೋಗುತ್ತಾರೆ. ಕಾಮೆಂಟ್ ಓದಿ ಉತ್ತರ ಬರೆದರೆ ನಮ್ಮ ಉತ್ತರ ಅಪರಿಚಿತರಿಗೆ ಹೋಗುತ್ತದೆ, ಹೋದವರಿಗೆ ಅಲ್ಲ.

ಹೋದವರು ಯಾರು ಅಂತ ತಿಳಿಯಲು ನಮಗೊಂದು ಅದೃಷ್ಟದ ದಾರಿ ಇತ್ತು. ಹತ್ತು ದಿನ ಹಿಂದೆ ಅಕ್ಕ ಹೊಸ ಫೋನ್ ತಗೊಂಡಾಗ ನಾನೇ ಅವಳ ಖಾತೆಯ ಮಾಹಿತಿಯನ್ನು ಡೌನ್‌ಲೋಡ್ ಮಾಡಿಸಿದ್ದೆ. ಇನ್‌ಸ್ಟಾಗ್ರಾಮ್ ಅಕೌಂಟ್ಸ್ ಸೆಂಟರ್‌ನಲ್ಲಿ ನಮ್ಮ ಮಾಹಿತಿಯನ್ನು ನಾವೇ ಕೇಳಿ ಪಡೆಯಬಹುದು. ಯಾವ ಹೊರಗಿನ ಆ್ಯಪ್ಪೂ ಬೇಡ. JSON ರೂಪದಲ್ಲಿ ಕೇಳಿದರೆ ಅದರಲ್ಲಿ followers_1.json ಎಂಬ ಫೈಲ್ ಇರುತ್ತದೆ, ಜನ ಜಾಸ್ತಿ ಇದ್ದರೆ ಮುಂದಿನ ಅಂಕಿಯ ಫೈಲ್‌ಗಳೂ ಇರುತ್ತವೆ. ಭಾನುವಾರ ರಾತ್ರಿಯೇ ಹೊಸ ಪ್ರತಿಗೆ ಕೋರಿಕೆ ಹಾಕಿಸಿದ್ದೆ, ಬೆಳಿಗ್ಗೆ ಬಂದಿತ್ತು. ಕೆಲವು ಸಲ ಇದು ಬರಲು ದಿನಗಟ್ಟಲೆ ಹಿಡಿಯುತ್ತದೆ. ಹಳೆಯ ಹೆಸರುಗಳನ್ನು ಸ್ಪ್ರೆಡ್‌ಶೀಟ್‌ನ A ಕಾಲಂನಲ್ಲಿ, ಹೊಸವನ್ನು B ಕಾಲಂನಲ್ಲಿ ಎರಡನೇ ಸಾಲಿನಿಂದ ಹಾಕಿ, C2ರಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆದೆ:

```
=COUNTIF(B:B,A2)
```

ಸೊನ್ನೆ ಬಂದ ಹೆಸರು ಈಗ ಪಟ್ಟಿಯಲ್ಲಿಲ್ಲ. ನಲವತ್ತು ಸಾವಿರ ಹೆಸರಿಗೆ ಕಂಪ್ಯೂಟರ್ ಸ್ವಲ್ಪ ಹೊತ್ತು ಒದ್ದಾಡಿತು. 1,214 ಸೊನ್ನೆ ಬಂದವು. ಇದರಲ್ಲಿ ಇನ್ನೂರರಷ್ಟು ಹತ್ತು ದಿನದ ಮಾಮೂಲಿ ಹೋಗುವಿಕೆ. ಯೂಸರ್‌ನೇಮ್ ಬದಲಿಸಿಕೊಂಡವರೂ, ಖಾತೆ ಮುಚ್ಚಿದವರೂ ಇಲ್ಲಿ ಹೋದವರಂತೆಯೇ ಕಾಣುತ್ತಾರೆ, ಅವರನ್ನು ಬೇರ್ಪಡಿಸಲು ಆಗುವುದಿಲ್ಲ.

ಆ ಪಟ್ಟಿಯನ್ನು ಅಕ್ಕನಿಗೆ ಕಳಿಸಿ, ಗೊತ್ತಿರುವ ಹೆಸರುಗಳಿಗೆ ಬಣ್ಣ ಹಾಕು ಅಂದೆ. ಒಂದು ಗಂಟೆ ಅವಳಿಂದ ಸದ್ದಿಲ್ಲ. ಆಮೇಲೆ ಫೋನ್ ಬಂತು. 34 ಹೆಸರಿಗೆ ಬಣ್ಣ ಹಾಕಿದ್ದಳು. ಎಲ್ಲರೂ ಅವಳ ಪೇಜ್‌ಗೆ ವರ್ಷಗಳಿಂದ ಬರುತ್ತಿದ್ದವರು, ಅಳತೆ ಕೇಳುತ್ತಿದ್ದವರು, ಮಾಡಿ ಫೋಟೋ ಕಳಿಸುತ್ತಿದ್ದವರು. "ಬಾಗಲಕೋಟೆ ಕಡೆ ಟೀಚರ್ ಒಬ್ರು ಇದ್ರು ಕಣೇ. ನನ್ನ ಮೊದಲನೇ ವಿಡಿಯೋಗೆ ಕಾಮೆಂಟ್ ಹಾಕಿದವರು ಅವರೇ. ಅವರೂ ಇಲ್ಲ." ಮೂವತ್ತನಾಲ್ಕರಲ್ಲಿ ಇಪ್ಪತ್ತಾರು ಜನ ಉತ್ತರ ಕರ್ನಾಟಕದವರು ಅಂತ ಅವಳಿಗೆ ಮಾತುಕತೆಯಿಂದಲೇ ಗೊತ್ತಿತ್ತು. Insights ತೋರಿಸುವ ಊರಿನ ಪಟ್ಟಿಯಲ್ಲಿ ಹುಬ್ಬಳ್ಳಿಯ ಪಾಲು ನೂರಕ್ಕೆ ಅರ್ಧದಷ್ಟು ಇಳಿದಿತ್ತು, ಅಷ್ಟೇ. ಆ ಪಟ್ಟಿಯಲ್ಲಿ ಮೇಲಿನ ಕೆಲವೇ ಊರುಗಳು ಕಾಣುತ್ತವೆ. ಬೆಂಗಳೂರಿನಲ್ಲಿ ಇರುವ ಕಲಬುರಗಿ, ರಾಯಚೂರಿನವರು ಅದರಲ್ಲಿ ಬೆಂಗಳೂರಿನವರೇ. ಬಣ್ಣ ಹಾಕಿದ 34 ಹೆಸರು ಹೇಳಿದ್ದನ್ನು ಯಾವ ಗ್ರಾಫೂ ಹೇಳಿರಲಿಲ್ಲ.

ಉತ್ತರಿಸಬೇಕೋ ಸುಮ್ಮನಿರಬೇಕೋ ಎಂಬ ತೀರ್ಮಾನಕ್ಕೆ ಕೂತದ್ದು ಆಗ.

ಸುಮ್ಮನಿರುವುದು ಯಾವಾಗಲೂ ಹೇಡಿತನ ಅಲ್ಲ. ಮೂರು ತಿಂಗಳ ಹಿಂದೆ ಅಕ್ಕ ಮದುವೆ ಊಟದಲ್ಲಿ ಎಲೆಗೊಂದು ಪ್ಲಾಸ್ಟಿಕ್ ನೀರಿನ ಬಾಟಲಿ ಇಡುವುದನ್ನು ಟೀಕಿಸಿ ಒಂದು ಪೋಸ್ಟ್ ಹಾಕಿದ್ದಳು. ಆಗಲೂ ಇನ್ನೂರು ಚಿಲ್ಲರೆ ಜನ ಹೋದರು. ಅದು ಅವಳು ನಂಬಿ ಆಡಿದ ಮಾತು, ತಪ್ಪಿರಲಿಲ್ಲ. ಒಪ್ಪದವರು ಹೋದರು. ನಾವು ಒಂದು ಅಕ್ಷರ ಬರೆಯಲಿಲ್ಲ. ಮೂರನೇ ದಿನಕ್ಕೆ ಎಲ್ಲ ತಣ್ಣಗಾಯಿತು. ಅಲ್ಲಿ ವಿವರಣೆ ಕೊಟ್ಟಿದ್ದರೆ ಜಗಳ ಇನ್ನೊಂದು ವಾರ ಎಳೆಯುತ್ತಿತ್ತು.

ಈ ಸಲ ಹಾಗಿಲ್ಲ. ಆಡಿದ ಮಾತೇ ತಪ್ಪು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಖಡಕ್ ಮಾಡುವುದು ಒಂದು ಕೈಚಳಕ. ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ದೂರದ ಪ್ರಯಾಣಕ್ಕೆ ಕಟ್ಟಿಕೊಂಡು ಹೋಗಬಹುದು. ಶೇಂಗಾ ಚಟ್ನಿ, ಮೊಸರು, ಎಣ್ಣೆಗಾಯಿ ಪಲ್ಯದ ಜೊತೆ ಅದಕ್ಕೆ ಅದರದೇ ರುಚಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಯವರು ಮನೆಮನೆಯಲ್ಲಿ ಬಡಿದು ತಂದು ಕೊಡುವ ರೊಟ್ಟಿ ಲಕ್ಷಗಟ್ಟಲೆ. ಬೇರೆ ದಾರಿ ಇಲ್ಲದೆ ತಿನ್ನುವ ಊಟವನ್ನು ಯಾರೂ ಹಾಗೆ ಗಾಡಿ ಕಟ್ಟಿಕೊಂಡು ತಂದು ಅರ್ಪಿಸುವುದಿಲ್ಲ. ಜೊತೆಗೆ, ರೊಟ್ಟಿ ಬಡಿದು ಮಾರಿ ಮನೆ ನಡೆಸುವ ಹೆಂಗಸರು ಆ ಕಡೆ ಊರೂರಿಗೂ ಇದ್ದಾರೆ. ಕಾಮೆಂಟ್‌ಗಳ ನಡುವೆ ಒಂದು ಹೀಗಿತ್ತು:

"ಅಕ್ಕಾರ, ನಿಮ್ಮ ಅಡಗಿ ನೋಡಿ ನಾ ಭಾಳ ಕಲ್ತೀನಿ. ನಮ್ಮವ್ವ ರೊಟ್ಟಿ ಬಡದು ಮಾರಿ ನಮ್ಮನ್ನ ಓದಿಸ್ಯಾಳ. ಬಡತನದ ರೊಟ್ಟಿ ಅಂದ್ರಿ. ಬ್ಯಾಸರಾತು."

ಇದಕ್ಕೆ ಎರಡೇ ಲೈಕ್ ಬಂದಿದ್ದವು. ಬೈಗುಳಗಳ ರಾಶಿಯಲ್ಲಿ ಅಕ್ಕನ ಕಣ್ಣಿಗೇ ಬಿದ್ದಿರಲಿಲ್ಲ. ನಾನು ಓದಿ ಹೇಳಿದಾಗ ಅವಳು "ಸುಮ್ನಿರೋಕಾಗಲ್ಲ ಬಿಡು" ಅಂದಳು. ನನಗೂ ಹಾಗೇ ಅನಿಸಿತ್ತು. ಸಂಖ್ಯೆ 50 ಇದ್ದಿದ್ದರೂ ಹೀಗೇ ಅನಿಸಬೇಕಿತ್ತು.

ಇನ್ನು ಎಲ್ಲಿ ಹೇಳುವುದು? ಅಕ್ಕನ ಮನಸ್ಸಿನಲ್ಲಿದ್ದದ್ದು ಕ್ಯಾಮೆರಾ ಮುಂದೆ ಕೂತು ಕ್ಷಮೆ ಕೇಳುವ ರೀಲ್. ಬೇಡ ಅಂದೆ. ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಆ ರೀಲ್‌ನ ಓಟ ಇಳಿದಿತ್ತು. ಭಾನುವಾರ ಸಂಜೆ ಗಂಟೆಗೆ ಎಂಟು ಸಾವಿರ ವ್ಯೂಸ್ ಏರುತ್ತಿದ್ದದ್ದು ಈಗ ಒಂದೂವರೆ ಸಾವಿರಕ್ಕೆ ಬಂದಿತ್ತು. ಇದನ್ನು ನಾನು ಗಂಟೆಗೊಮ್ಮೆ ನೋಡಿ ಕಾಗದದ ಮೇಲೆ ಬರೆದುಕೊಂಡಿದ್ದೆ, ಯಾಕಂದರೆ ಒಟ್ಟು ಸಂಖ್ಯೆ ಯಾವಾಗಲೂ ಏರುತ್ತಲೇ ಇರುತ್ತದೆ, ವೇಗ ಇಳಿದದ್ದು ಅದರಲ್ಲಿ ಕಾಣುವುದಿಲ್ಲ. ಈ ಹೊತ್ತಿನಲ್ಲಿ ಹೊಸ ರೀಲ್ ಹಾಕಿದರೆ ಅದು ವಿಷಯ ಗೊತ್ತೇ ಇಲ್ಲದ ಸಾವಿರಾರು ಜನರಿಗೆ ಹೋಗುತ್ತದೆ. ಅವರು ಏನಾಯಿತು ಅಂತ ಹಳೆಯದನ್ನು ಹುಡುಕಿಕೊಂಡು ಹೋಗುತ್ತಾರೆ. ನೋಯದವರನ್ನೂ ಕರೆದು ನೋಯಿಸಿದ ಹಾಗೆ. ಸ್ಟೋರಿಯದೂ ಅದೇ ಕಥೆ, ಸ್ವಲ್ಪ ಚಿಕ್ಕ ಪ್ರಮಾಣದಲ್ಲಿ.

ಮಾತು ಕೇಳಿದವರಿಗೆ ಮಾತ್ರ ತಿದ್ದುಪಡಿ ತಲುಪಬೇಕು ಅಂದರೆ ಅದು ಆ ರೀಲ್‌ನ ಮೇಲೆಯೇ ಇರಬೇಕು. ಕ್ಯಾಪ್ಷನ್ ತಿದ್ದಬಹುದು, ಅದರ ಮೊದಲ ಸಾಲು ವಿಡಿಯೋ ಕೆಳಗೇ ಕಾಣುತ್ತದೆ. ಕಾಮೆಂಟ್ ಒಂದನ್ನು ಪಿನ್ ಮಾಡಬಹುದು, ಬೈಯಲು ಬಂದವರೂ ಮೊದಲು ಓದುವುದು ಅದನ್ನೇ. ಎರಡನ್ನೂ ಮಾಡಲು ನಿರ್ಧರಿಸಿದೆವು.

ರೀಲ್ ಅಳಿಸದೆ ಇಡುವುದರ ಬಗ್ಗೆ ನನಗೂ ಪೂರ್ತಿ ಸಮಾಧಾನ ಇರಲಿಲ್ಲ. ಇಟ್ಟಷ್ಟು ಹೊತ್ತೂ ತಪ್ಪು ಮಾತು ಹೊಸಬರಿಗೆ ಕೇಳುತ್ತಲೇ ಇರುತ್ತದೆ. ಆದರೆ ಅಳಿಸಿದರೆ ತಿದ್ದುಪಡಿ ನಿಲ್ಲುವ ಜಾಗವೇ ಹೋಗುತ್ತದೆ, ದೊಡ್ಡ ಪೇಜ್‌ನಲ್ಲಿರುವ ನಕಲು ಮಾತ್ರ ಉಳಿಯುತ್ತದೆ. ಮೂರು ದಿನ ಇಟ್ಟು ಆಮೇಲೆ ಆರ್ಕೈವ್ ಮಾಡೋಣ ಅಂದುಕೊಂಡೆವು. ಆಗ ಅದು ಜನರ ಕಣ್ಣಿನಿಂದ ಮರೆಯಾಗುತ್ತದೆ, ನಮ್ಮ ಬಳಿ ಲೆಕ್ಕ ಸಮೇತ ಉಳಿಯುತ್ತದೆ. ಮಾತು ಒಂದು ಜಾತಿಯ ಮೇಲೋ, ಧರ್ಮದ ಮೇಲೋ, ಒಬ್ಬ ವ್ಯಕ್ತಿಯ ಮೇಲೋ ಇದ್ದಿದ್ದರೆ ಈ ಲೆಕ್ಕ ಹಾಕುತ್ತಾ ಕೂರುತ್ತಿರಲಿಲ್ಲ, ಭಾನುವಾರ ರಾತ್ರಿಯೇ ತೆಗೆಸುತ್ತಿದ್ದೆ. ಅಂಥ ಕಡೆ ಪೆಟ್ಟು ಪರದೆಯ ಹೊರಗೂ ಬೀಳುತ್ತದೆ.

ಬರೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅಕ್ಕನ ಮೊದಲ ಕರಡು: "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ." ಇದು ಎಲ್ಲರೂ ಬರೆಯುವ ಸಾಲು. ಆ "ಆಗಿದ್ದರೆ" ನೋಡಿ. ನೋವಾಗಿದೆ ಅಂತ ನೊಂದವರೇ ಬಂದು ಹೇಳಿದ್ದಾರೆ. ಹೇಳಿದ ಮೇಲೂ "ಆಗಿದ್ದರೆ" ಅಂದರೆ ಅವರ ಮಾತನ್ನು ನಂಬಿಲ್ಲ ಅಂತಲೇ ಅರ್ಥ. "ಯಾರಿಗಾದರೂ" ಎಂಬುದೂ ಅಷ್ಟೇ, ಯಾರಿಗೆ ಅಂತ ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಮಾತು. ಎರಡನೇ ಕರಡು ಹದಿನೆಂಟು ಸಾಲು. ತಮಾಷೆಗೆ ಹೇಳಿದ್ದು, ತನಗೆ ಧಾರವಾಡದಲ್ಲಿ ಗೆಳತಿಯರಿದ್ದಾರೆ, ತಾನು ಎಲ್ಲ ಊಟವನ್ನೂ ಗೌರವಿಸುತ್ತೇನೆ. ಎಲ್ಲ ನಿಜವೇ. ಆದರೆ ಪ್ರತಿ ಸಾಲೂ ಅವಳ ಬಗ್ಗೆಯೇ ಇತ್ತು. ರೊಟ್ಟಿಯ ಬಗ್ಗೆ ಒಂದೂ ಇರಲಿಲ್ಲ. ಕೊನೆಗೆ ಉಳಿದದ್ದು ಇದು:

"ಈ ವಿಡಿಯೋದಲ್ಲಿ ಖಡಕ್ ರೊಟ್ಟಿಯನ್ನು ಬಡತನದ ರೊಟ್ಟಿ ಅಂದೆ. ಅದು ತಪ್ಪು. ನನಗೆ ತಿಳಿಯದ ಊಟದ ಬಗ್ಗೆ ಹಗುರವಾಗಿ ಮಾತಾಡಿದೆ. ರೊಟ್ಟಿ ಬಡಿಯುವ ತಾಯಂದಿರಿಗೂ ಅದನ್ನು ಉಂಡು ಬೆಳೆದವರಿಗೂ ಕ್ಷಮೆ ಕೇಳುತ್ತೇನೆ. ತಪ್ಪು ತಿದ್ದಿದವರಿಗೆ ಋಣಿ."

ಹನ್ನೊಂದೂವರೆಗೆ ಪಿನ್ ಮಾಡಿದಳು. ಕ್ಯಾಪ್ಷನ್‌ನ ಮೊದಲ ಸಾಲನ್ನು "ಈ ವಿಡಿಯೋದಲ್ಲಿ ನಾನು ಹೇಳಿದ ಮಾತು ತಪ್ಪು, ಕೆಳಗೆ ಓದಿ" ಎಂದು ತಿದ್ದಿದಳು. ಕೆಟ್ಟ ಬೈಗುಳದ ಪದಗಳನ್ನು, ಅವು ಇರುವ ಕಾಮೆಂಟ್‌ಗಳನ್ನು ತಾನಾಗಿ ಮರೆಮಾಡುವ ಹಿಡನ್ ವರ್ಡ್ಸ್ ಪಟ್ಟಿಗೆ ಸೇರಿಸಿದೆವು. ಟೀಕೆಯ ಕಾಮೆಂಟ್ ಒಂದನ್ನೂ ಅಳಿಸಲಿಲ್ಲ. ತಿಳಿಸಿ ಹೇಳಿದ ಇಪ್ಪತ್ತೆರಡು ಜನಕ್ಕೆ ಅಕ್ಕ ಒಬ್ಬೊಬ್ಬರಿಗೇ ಬರೆದಳು, ಒಂದೇ ಉತ್ತರವನ್ನು ಎಲ್ಲ ಕಡೆ ಅಂಟಿಸಲಿಲ್ಲ. ಜಗಳಕ್ಕೆ ನಿಂತವರಿಗೆ ಉತ್ತರ ಕೊಡಲಿಲ್ಲ. ಬಿಟ್ಟುಹೋದ 34 ಜನಕ್ಕೆ ಮೆಸೇಜ್ ಕಳಿಸಲಾ ಅಂತ ಕೇಳಿದಳು. ಅದೂ ಬೇಡ ಅಂದೆ. ಎದ್ದು ಹೋದವರ ಹಿಂದೆ ಹೋಗಿ, ನೀವು ಹೋದದ್ದನ್ನು ನಾನು ಪಟ್ಟಿ ಮಾಡಿ ನೋಡಿದೆ ಅಂತ ಹೇಳಿದ ಹಾಗಾಗುತ್ತದೆ.

ಸೋಮವಾರ 240 ಜನ ಹೋದರು. ಮಂಗಳವಾರ 90, ಬುಧವಾರ 45. ಮುಂದಿನ ವಾರ ಮತ್ತೆ ಇಪ್ಪತ್ತರ ಆಸುಪಾಸಿಗೆ ಬಂತು. ನಮ್ಮ ಉತ್ತರದಿಂದಲೇ ಇಳಿಯಿತು ಅಂತ ನಾನು ಹೇಳುವುದಿಲ್ಲ. ರೀಲ್‌ನ ಓಟ ಅದಕ್ಕೂ ಮೊದಲೇ ಇಳಿಯುತ್ತಿತ್ತು, ಸುಮ್ಮನಿದ್ದರೂ ಸಂಖ್ಯೆ ಹೀಗೇ ಇಳಿಯುತ್ತಿತ್ತೇನೋ. ಬದಲಾದದ್ದು ಕಾಮೆಂಟ್. ಮಧ್ಯಾಹ್ನದ ನಂತರ ಬಂದವರು ಪಿನ್ ಆದ ಮಾತಿನ ಕೆಳಗೆ ರೊಟ್ಟಿ ಮಾಡುವ ಬಗೆ, ಹಿಟ್ಟಿಗೆ ಬಿಸಿನೀರು ಎಷ್ಟು, ಎಂಥ ಜೋಳ ಒಳ್ಳೆಯದು ಅಂತ ಬರೆಯತೊಡಗಿದರು. ಗುರುವಾರ ರೀಲ್ ಆರ್ಕೈವ್ ಆಯಿತು.

ಒಂದು ನಷ್ಟ ನಾವು ಎಣಿಸಿರಲಿಲ್ಲ. ಆ ಮೂರು ದಿನ ಹೊಸದಾಗಿ ಬಂದ 365 ಜನರಲ್ಲಿ ಸುಮಾರು 150 ಜನ ಮುಂದಿನ ಎರಡು ವಾರದಲ್ಲಿ ಹೊರಟುಹೋದರು. "ಸರಿಯಾಗಿ ಹೇಳಿದ್ರಿ" ಅಂತ ಚಪ್ಪಾಳೆ ತಟ್ಟಿ ಬಂದವರು ಅವರಲ್ಲಿದ್ದರು. ಕೆಲವರು "ಯಾಕೆ ಬಗ್ಗಿದ್ರಿ" ಅಂತ ಬರೆದೂ ಹೋದರು. ಅಕ್ಕ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ.

ಹದಿನೈದು ದಿನದ ನಂತರ ಮತ್ತೊಮ್ಮೆ ಮಾಹಿತಿ ತರಿಸಿ ಹೋಲಿಸಿದೆವು. ಹೋಗಿದ್ದ 1,214 ಹೆಸರುಗಳಲ್ಲಿ 68 ವಾಪಸ್ ಬಂದಿದ್ದವು. ಬಣ್ಣ ಹಾಕಿದ 34ರಲ್ಲಿ 11. ತಾಯಿ ರೊಟ್ಟಿ ಬಡಿದು ಓದಿಸಿದ ಆ ಹುಡುಗಿ ಬಿಟ್ಟುಹೋಗಿಯೇ ಇರಲಿಲ್ಲ. ಈಗ ಅಕ್ಕನಿಗೆ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ರೊಟ್ಟಿ ಬಡಿಯುವುದನ್ನು ಅವರವ್ವನೇ ಹೇಳಿಕೊಡುತ್ತಿದ್ದಾರೆ. ಅಕ್ಕನ ರೊಟ್ಟಿ ಇನ್ನೂ ಅಂಚಿನಲ್ಲಿ ಹರಿಯುತ್ತದೆ. ದುಂಡಗೆ ಬರುವ ತನಕ ಪೇಜ್‌ನಲ್ಲಿ ಹಾಕುವುದಿಲ್ಲ ಅಂದಿದ್ದಾಳೆ.

ಬಾಗಲಕೋಟೆಯ ಟೀಚರ್ ಹೆಸರು ಪಟ್ಟಿಯಲ್ಲಿ ಇನ್ನೂ ಇಲ್ಲ. ಪ್ರತಿ ಸಲ ಫೈಲ್ ಬಂದಾಗ ಅಕ್ಕ ಮೊದಲು ಹುಡುಕುವುದು ಅದನ್ನೇ.